ಕಳೆದ ಪೆನ್ಸಿಲ್, ಗಂಟಲಲ್ಲಿ ಕೂತ ನಿಜ: ಆರು ವರ್ಷದ ಮಕ್ಕಳಿಗೆ ಒಂದು ಕಥೆ ಕಟ್ಟುವ ಬಗೆ

ಒಂದನೇ ತರಗತಿಯ ಕೋಣೆಯಲ್ಲಿ ಅರ್ಧ ಗಂಟೆ ಕೂತರೆ ಸಾಕು, "ಮಿಸ್, ನನ್ ಪೆನ್ಸಿಲ್ ಕಾಣಿಸ್ತಿಲ್ಲ" ಅನ್ನುವುದು ಎರಡು ಮೂರು ಸಲ ಕಿವಿಗೆ ಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಇವ್ನೇ ತಗೊಂಡಿದಾನೆ ಮಿಸ್." ಕಥೆ ಇರುವುದು ಈ ಎರಡನೇ ಮಾತಿನಲ್ಲಿ. ಪೆನ್ಸಿಲ್ ಕಳೆಯುವುದು ದಿನದ ಸುದ್ದಿ. ಕಳೆದದ್ದಕ್ಕೆ ಬೈಸಿಕೊಳ್ಳುವ ಭಯ ಇದೆಯಲ್ಲ, ಆರು ವರ್ಷದ ಮಗುವಿಗೆ ಅದು ದೊಡ್ಡ ಸಂಗತಿ.

ನಾನು ಈ ವಯಸ್ಸಿನ ಮಕ್ಕಳಿಗೆ ಕಥೆ ಹೇಳುತ್ತೇನೆ, ಬರೆಯುತ್ತೇನೆ. ಪೆನ್ಸಿಲಿನ ಕಥೆಯನ್ನು ನಾಲ್ಕು ಸಲ ಬರೆದು ಹರಿದೆ. ಐದನೆಯದು ನಿಂತಿತು. ಯಾಕೆ ಹರಿದೆ, ಯಾವುದು ನಿಂತಿತು ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಕಥೆಯೂ ನಡುವೆ ಪೂರ್ತಿ ಇದೆ. ನಿಮ್ಮ ಮನೆಯ, ನಿಮ್ಮ ತರಗತಿಯ ಮಗುವಿಗೆ ಹೊಂದುವಂತೆ ನೀವು ಇನ್ನೊಂದು ಕಟ್ಟಿಕೊಳ್ಳಬಹುದು.

ಮೊದಲು: ಪೆನ್ಸಿಲ್ ಯಾರದು ಅಂತ ಗಟ್ಟಿ ಮಾಡಿ

ಇದು ಸಣ್ಣ ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಇಡೀ ಕಥೆ ಇದರ ಮೇಲೆ ನಿಂತಿದೆ.

ಗೆಳತಿಯ ಪೆನ್ಸಿಲ್ ಇಸಕೊಂಡು ಕಳೆದಳು ಅಂತ ಬರೆಯಬಹುದು. ಆಗ ಕಥೆ ಸಾಲ, ನಷ್ಟ, ತಿರುಗಿ ಕೊಡುವುದು ಈ ಕಡೆ ಹೋಗುತ್ತದೆ. ಕೇಳುವ ಮಗುವಿನ ತಲೆಯಲ್ಲಿ "ಹಾಗಾದ್ರೆ ಹೊಸದು ಕೊಡಿಸಬೇಕಲ್ವಾ?" ಅನ್ನುವ ಲೆಕ್ಕ ಶುರುವಾಗುತ್ತದೆ. ದಾರಿಯಲ್ಲಿ ಸಿಕ್ಕ ಪೆನ್ಸಿಲನ್ನು ಇಟ್ಟುಕೊಂಡ ಅಂತಲೂ ಬರೆಯಬಹುದು. ಅದು ಆಸೆಯ ಕಥೆ. ಅಲ್ಲಿ ಮಗು ನಿಜ ಹೇಳದೆ ಇರುವುದು ಪೆನ್ಸಿಲ್ ಬಿಟ್ಟುಕೊಡಲು ಮನಸ್ಸಿಲ್ಲದೆ, ಹೆದರಿಕೆಯಿಂದ ಅಲ್ಲ. ಹೆದರಿಕೆ ಇಲ್ಲದ ಕಡೆ ಧೈರ್ಯಕ್ಕೆ ಕೆಲಸ ಇಲ್ಲ.

ನಾನು ಆರಿಸಿಕೊಂಡದ್ದು ಮೂರನೆಯದು. ಮಗು ಕಳೆದದ್ದು ತನ್ನದೇ ಪೆನ್ಸಿಲ್. ಮನೆಯಲ್ಲಿ ಅಮ್ಮ ಕೇಳಿದಾಗ ಬಾಯಿಗೆ ಬಂದದ್ದು ಪಕ್ಕದಲ್ಲಿ ಕೂರುವ ಹುಡುಗ ಬಸವನ ಹೆಸರು. ಇಲ್ಲಿ ಮೂರು ಅನುಕೂಲ ಇದೆ. ತಪ್ಪು ತೀರಾ ಸಣ್ಣದು, ಯಾವ ಮಗುವೂ ಮಾಡಿರುತ್ತದೆ. ಭಯ ನಿಜವಾದದ್ದು. ಸುಳ್ಳು ಯಾರನ್ನು ಮುಟ್ಟುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಏನೂ ಮಾಡದ ಒಬ್ಬ ಹುಡುಗ ನಾಳೆ ಬೈಸಿಕೊಳ್ಳಲಿದ್ದಾನೆ. "ಸುಳ್ಳು ಹೇಳಿದರೆ ನಂಬಿಕೆ ಹೋಗುತ್ತದೆ" ಅಂದರೆ ಆರು ವರ್ಷದ ಮಗುವಿಗೆ ಏನೂ ಕಾಣುವುದಿಲ್ಲ. ನಂಬಿಕೆಗೆ ಮುಖ ಇಲ್ಲ. ಬಸವನಿಗೆ ಇದೆ.

ಅಂದ ಹಾಗೆ, ಕಾಲಾವಧಿಯನ್ನೂ ಇಲ್ಲೇ ಕಟ್ಟಿಹಾಕಿ. ಒಂದು ಸಂಜೆ, ಒಂದು ರಾತ್ರಿ, ಒಂದು ಬೆಳಗ್ಗೆ. "ಹೀಗೆ ಒಂದು ವಾರ ಕಳೆಯಿತು" ಅಂತ ಬರೆದರೆ ಮಗು ಕಥೆಯಿಂದ ಎದ್ದು ಹೋಗುತ್ತದೆ. ಒಂದು ರಾತ್ರಿ ನಿದ್ದೆ ಬಾರದೆ ಹೊರಳಾಡಿದ್ದು ಅದಕ್ಕೆ ಗೊತ್ತು. ವಾರ ಅನ್ನುವುದು ಇನ್ನೂ ಸರಿಯಾಗಿ ಗೊತ್ತಿಲ್ಲ.

ಸುಳ್ಳು ಹುಟ್ಟುವ ಆ ಒಂದು ಕ್ಷಣ

ದೊಡ್ಡವರು ಬರೆಯುವಾಗ ಎಡವುವುದು ಇಲ್ಲೇ ಜಾಸ್ತಿ. ಮಗು ಕೂತು ಯೋಚನೆ ಮಾಡಿ, ಉಪಾಯ ಹೂಡಿ ಸುಳ್ಳು ಹೇಳುವ ಹಾಗೆ ಬರೆಯುತ್ತಾರೆ. ನನ್ನ ಮೊದಲ ಪ್ರತಿಯಲ್ಲಿ ಹುಡುಗಿ ದಾರಿಯುದ್ದಕ್ಕೂ "ಅಮ್ಮನಿಗೆ ಏನು ಹೇಳಲಿ? ಬಸವನ ಮೇಲೆ ಹಾಕಿದರೆ ಹೇಗೆ?" ಅಂತ ಯೋಚಿಸುತ್ತಾ ಬಂದಿದ್ದಳು. ಓದಿ ನೋಡಿದರೆ ಪುಟ್ಟ ಕಿಲಾಡಿಯ ಹಾಗಿದ್ದಳು. ಕೇಳುವ ಮಕ್ಕಳು ಅವಳ ಪಕ್ಷ ಬಿಟ್ಟು ಬಸವನ ಪಕ್ಷ ಸೇರಿಬಿಟ್ಟರು. ಆಮೇಲೆ ಅವಳು ನಿಜ ಹೇಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಈ ವಯಸ್ಸಿನ ಸುಳ್ಳು ಹಾಗೆ ಹುಟ್ಟುವುದಿಲ್ಲ. ಒಂದು ಪ್ರಶ್ನೆಗೆ ಉತ್ತರವಾಗಿ ತಟ್ಟನೆ ಬಾಯಿಂದ ಜಾರುತ್ತದೆ. ಪ್ರಶ್ನೆಯಲ್ಲೇ ಭಯ ಇರುತ್ತದೆ. "ಪೆನ್ಸಿಲ್ ಎಲ್ಲಿ?" ಅಂದಾಗ ಮಗು ಇನ್ನೂ ಸುಮ್ಮನೆ ನಿಂತಿರುತ್ತದೆ. "ಮತ್ತೆ ಕಳೆದ್ಯಾ?" ಅಂದಾಗ ಜಾರುತ್ತದೆ. ಆ "ಮತ್ತೆ" ಅನ್ನುವ ಒಂದು ಪದ ಸಾಕು. ಹಿಂದೆಯೂ ಬೈಸಿಕೊಂಡಿದ್ದಾಳೆ ಅಂತ ಅದರಲ್ಲೇ ಗೊತ್ತಾಗುತ್ತದೆ, ಬೇರೆ ವಿವರಣೆ ಬೇಡ.

ಸುಳ್ಳು ಎರಡು ಮೂರು ಪದ ಮೀರಬಾರದು. "ಬಸವ ತಗೊಂಡ." ಅಷ್ಟೇ. ಒಂದು ಸುಳ್ಳಿಗೆ ಹೊಂದುವ ಹಾಗೆ ಎರಡನೆಯ, ಮೂರನೆಯ ಉತ್ತರ ಕಟ್ಟುವುದನ್ನು ಈ ವಯಸ್ಸಿನ ಮಕ್ಕಳು ಇನ್ನೂ ಕಲಿಯುತ್ತಿರುತ್ತಾರೆ. "ಯಾವಾಗ ತಗೊಂಡ?" ಅಂತ ಕೇಳಿ ನೋಡಿ, ಉತ್ತರ ಎಲ್ಲೋ ಹೋಗುತ್ತದೆ. ಹಾಗಾಗಿ ಅಮ್ಮ ಎರಡನೇ ಪ್ರಶ್ನೆ ಕೇಳಬಾರದು. ಕೇಳಿದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ, ಆಮೇಲೆ ಮಗುವಿಗೆ ತಾನಾಗಿ ನಿಜ ಹೇಳುವ ಅವಕಾಶವೇ ಇರುವುದಿಲ್ಲ. ಸಿಕ್ಕಿಬಿದ್ದು ಒಪ್ಪಿಕೊಳ್ಳುವುದು ಬೇರೆ, ಯಾರಿಗೂ ಗೊತ್ತಿಲ್ಲದಾಗ ಹೇಳುವುದು ಬೇರೆ. ಎರಡನೆಯದು ಬೇಕಾದರೆ ಅಮ್ಮ ಆ ಸುಳ್ಳನ್ನು ನಂಬಲೇಬೇಕು. ನಂಬಿ, ಒಂದು ಹೆಜ್ಜೆ ಮುಂದೆಯೂ ಹೋಗಬೇಕು: "ಸರಿ, ನಾಳೆ ನಾನೇ ಬಂದು ಕೇಳ್ತೀನಿ."

ಈ ಒಂದು ವಾಕ್ಯದಿಂದ ಕಥೆಗೆ ಗಡಿಯಾರ ಸಿಕ್ಕಿತು. ನಾಳೆ ಬೆಳಗ್ಗೆಯೊಳಗೆ ಏನಾದರೂ ಆಗಲೇಬೇಕು.

ಧೈರ್ಯಕ್ಕೆ ಮೂರು ಸಲ ಜಾಗ ಕೊಡಿ

"ಸುಮ ಧೈರ್ಯ ಮಾಡಿ ನಿಜ ಹೇಳಿದಳು" ಅಂತ ಒಂದೇ ಸಾಲು ಬರೆದರೆ ಮಗುವಿಗೆ ಧೈರ್ಯ ಅಂದರೆ ಏನು ಅಂತ ಗೊತ್ತಾಗುವುದಿಲ್ಲ. ಅದು ಹುಲಿ ಹೊಡೆಯುವುದು ಅಂದುಕೊಂಡಿರುತ್ತದೆ. ಹೇಳಬೇಕು ಅಂತ ಬಾಯಿ ತೆಗೆದು, ಆಗದೆ, "ಏನಿಲ್ಲ" ಅಂದು ವಾಪಸ್ ಬರುವುದನ್ನು ತೋರಿಸಿ. ಅದೂ ಒಂದಲ್ಲ, ಎರಡು ಸಲ. ಮೂರನೇ ಸಲ ಆಗಲಿ. ಅಜ್ಜಿ ಕಥೆಗಳಲ್ಲಿ ಎಲ್ಲವೂ ಮೂರು ಸಲ ನಡೆಯುವುದು ಸುಮ್ನೆ ಅಲ್ಲ. ಮೊದಲ ಸಲ ಮಗು ಕೇಳುತ್ತದೆ, ಎರಡನೇ ಸಲ ಗುರುತಿಸುತ್ತದೆ, ಮೂರನೇ ಸಲ "ಈಗ ಹೇಳ್ತಾಳೆ ನೋಡು" ಅಂತ ಕಾಯುತ್ತದೆ.

ಮೂರೂ ಸಲ ಒಂದೇ ಸಾಲು ಮರಳಿ ಬರಲಿ. ನನ್ನ ಸಾಲು ಇದು: "ಮಾತು ಗಂಟಲವರೆಗೆ ಬಂತು. ಅಲ್ಲೇ ಕೂತಿತು." ಎರಡನೇ ಸಲಕ್ಕೇ ಮಕ್ಕಳು ನನ್ನ ಜೊತೆ ಸೇರಿ ಹೇಳುತ್ತಾರೆ. ಅಪರಾಧ, ಪಶ್ಚಾತ್ತಾಪ, ಮನಸ್ಸಾಕ್ಷಿ ಇವು ಯಾವುದೂ ಬೇಕಾಗುವುದಿಲ್ಲ. ಗಂಟಲು, ಹೊಟ್ಟೆ, ಕೈ, ಕಾಲು ಸಾಕು.

ಈಗ ಮೂರು ಜಾಗ ಆರಿಸಬೇಕು. ಇದರಲ್ಲಿ ಒಂದು ಗುಟ್ಟು ಇದೆ, ಗೊತ್ತಾಗಲು ನನಗೆ ತಡವಾಯಿತು. ಮೊದಲು ನಾನು ಮೂರು ಸಲವೂ ಮಗುವನ್ನು ಅಮ್ಮನ ಎದುರಿಗೆ ನಿಲ್ಲಿಸಿದ್ದೆ. ಮೂರನೇ ಸಲ ಯಾಕೆ ಹೇಳಿದಳು ಅನ್ನುವುದಕ್ಕೆ ಕಾರಣವೇ ಇರಲಿಲ್ಲ, ಕಥೆಗೆ ಬೇಕಿತ್ತು, ಹೇಳಿದಳು. ಆಮೇಲೆ ಒಂದು ದಿನ ನಮ್ಮ ಪಕ್ಕದ ಮನೆಯ ಹುಡುಗಿ ಜಡೆ ಹಾಕಿಸಿಕೊಳ್ಳುತ್ತಾ ಶಾಲೆಯ ಊರು ಪುರಾಣವನ್ನೆಲ್ಲಾ ಅವಳ ಅಮ್ಮನಿಗೆ ಹೇಳುವುದು ಕಿವಿಗೆ ಬಿತ್ತು. ಎದುರಿಗೆ ಕೂರಿಸಿ ಕೇಳಿದರೆ ಒಂದು ಮಾತೂ ಆಡದ ಹುಡುಗಿ ಅದು. ಜಡೆ ಹಾಕುವಾಗ ಅಮ್ಮ ಹಿಂದೆ ಇರುತ್ತಾಳೆ. ಮುಖ ನೋಡುವ ಹಾಗಿಲ್ಲ. ಎದ್ದು ಓಡುವ ಹಾಗೂ ಇಲ್ಲ. ತಲೆಯ ಮೇಲೆ ಅಮ್ಮನ ಕೈ ಇರುತ್ತದೆ. ಕಷ್ಟದ ಮಾತು ಹೇಳಲು ಇಷ್ಟು ಒಳ್ಳೆಯ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಹುಡುಗನ ಕಥೆ ಆದರೆ ಸ್ಕೂಟರ್ ಹಿಂದೆ ಕೂತು ಅಪ್ಪನ ಬೆನ್ನಿಗೆ ಹೇಳಬಹುದು, ಅಥವಾ ತಲೆ ಒರೆಸಿಕೊಳ್ಳುವಾಗ ಟವೆಲಿನ ಒಳಗಿಂದ ಹೇಳಬಹುದು.

ಜಾಗದ ಜೊತೆಗೆ ಒಂದು ಸಣ್ಣ ತಳ್ಳುವಿಕೆಯೂ ಬೇಕು. ಅದು ಬಸವನಿಂದ ಬರಲಿ. ಪೆನ್ಸಿಲ್ ಕಳೆದಾಗ ಅವನೂ ಬೆಂಚಿನ ಕೆಳಗೆ ಬಗ್ಗಿ ಹುಡುಕಿದ್ದ ಅನ್ನುವುದನ್ನು ಮೊದಲ ಪುಟದಲ್ಲೇ ಸದ್ದಿಲ್ಲದೆ ಇಟ್ಟುಬಿಡಿ. ಕೊನೆಗೆ ಅದು ಅವಳಿಗೆ ನೆನಪಾಗಲಿ. ಶಿಕ್ಷೆಯ ಭಯದಿಂದಲೋ, ದೇವರು ನೋಡುತ್ತಾನೆ ಅಂತಲೋ ಅವಳು ಬಾಯಿ ಬಿಡುವುದು ಬೇಡ.

ಅಮ್ಮ ಏನು ಹೇಳುತ್ತಾಳೆ? ಇಲ್ಲಿ ನಿಧಾನ ಮಾಡಿ

ಕಥೆಯ ಫಲ ನಿರ್ಧಾರ ಆಗುವುದು ಈ ಜಾಗದಲ್ಲಿ. ಇದಕ್ಕೆ ಒಂದು ಒಳ್ಳೆಯ ಆಧಾರವೂ ಇದೆ.

ಮಕ್ಕಳ ಮನಸ್ಸನ್ನು ಅಧ್ಯಯನ ಮಾಡುವ ಕ್ಯಾಂಗ್ ಲೀ, ವಿಕ್ಟೋರಿಯಾ ತಲ್ವಾರ್ ಮತ್ತು ಜೊತೆಯವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 3ರಿಂದ 7 ವರ್ಷದ ಮಕ್ಕಳ ಜೊತೆ ಒಂದು ಆಟ ಆಡಿದರು. ಹಿಂದೆ ಇಟ್ಟ ಆಟಿಕೆಯನ್ನು ತಿರುಗಿ ನೋಡಬೇಡ ಅಂತ ಹೇಳಿ, ಮಗುವನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟರು. ವಾಪಸ್ ಬಂದು ಒಂದು ಕಥೆ ಓದಿ ಹೇಳಿದರು. ಆಮೇಲೆ "ತಿರುಗಿ ನೋಡಿದೆಯಾ?" ಅಂತ ಕೇಳಿದರು. ಕೆಲವರಿಗೆ ಓದಿದ್ದು "ತೋಳ ಬಂತು ತೋಳ" ಕಥೆ, ಕೆಲವರಿಗೆ ಸುಳ್ಳು ಹೇಳಿದರೆ ಮೂಗು ಉದ್ದವಾಗುವ ಪಿನೋಕಿಯೋ, ಕೆಲವರಿಗೆ ಚೆರಿ ಮರ ಕಡಿದು ಅಪ್ಪನ ಹತ್ತಿರ ನಿಜ ಹೇಳಿದ ಜಾರ್ಜ್ ವಾಷಿಂಗ್ಟನ್. ಇನ್ನು ಕೆಲವರಿಗೆ ನಿಜ ಸುಳ್ಳಿನ ಸಂಬಂಧವೇ ಇಲ್ಲದ ಆಮೆ ಮೊಲದ ಕಥೆ. ತೋಳ ತಿಂದ ಕಥೆಯೂ ಮೂಗು ಬೆಳೆದ ಕಥೆಯೂ ಆಮೆ ಮೊಲದ ಕಥೆಗಿಂತ ಹೆಚ್ಚೇನೂ ಮಾಡಲಿಲ್ಲ. ಚೆರಿ ಮರದ ಕಥೆ ಕೇಳಿದ ಮಕ್ಕಳು ಮಾತ್ರ ಜಾಸ್ತಿ ನಿಜ ಹೇಳಿದರು. ಆ ಕಥೆಯಲ್ಲಿ ಅಪ್ಪ ಬೈಯುವುದಿಲ್ಲ, ನಿಜ ಹೇಳಿದ್ದಕ್ಕೆ ಸಂತೋಷಪಡುತ್ತಾನೆ. ಅದೇ ಕಥೆಯನ್ನು ಸುಳ್ಳು ಹೇಳಿ ಕೆಟ್ಟದ್ದಾಯಿತು ಅನ್ನುವ ಹಾಗೆ ತಿರುಗಿಸಿದಾಗ ಆ ಫಲ ಕಾಣಲಿಲ್ಲ.

ಇದರಿಂದ ಕಥೆ ಬರೆಯುವವರಿಗೆ ಸಿಗುವುದು ಇಷ್ಟು: ಸುಳ್ಳು ಹೇಳಿದರೆ ಏನಾಗುತ್ತದೆ ಅಂತ ಹೆದರಿಸಿದರೆ ಸಾಲದು. ನಿಜ ಹೇಳಿದರೆ ಏನಾಗುತ್ತದೆ ಅನ್ನುವುದು ಮಕ್ಕಳಿಗೆ ಕಾಣಬೇಕು. ನಿಮ್ಮ ಕಥೆ ಅದನ್ನು ತೋರಿಸಬೇಕು. ಮಿತಿಯೂ ನೆನಪಿರಲಿ. ಅಲ್ಲಿ ಪ್ರಶ್ನೆ ಕೇಳಿದ್ದು ಕಥೆ ಮುಗಿದ ಕೂಡಲೇ. ಒಂದು ಕಥೆ ಹೇಳಿದ್ದಕ್ಕೆ ಮಗು ವರ್ಷವಿಡೀ ನಿಜ ಹೇಳುತ್ತದೆ ಅಂತ ಅದರ ಅರ್ಥ ಅಲ್ಲ.

ನಮ್ಮಲ್ಲಿ ಸತ್ಯದ ಕಥೆ ಅಂದ ಕೂಡಲೇ ಪುಣ್ಯಕೋಟಿ ನೆನಪಾಗುತ್ತದೆ. ಅದನ್ನು ಹಾಡಿದಾಗ ಮಕ್ಕಳು ಅಳುತ್ತಾರೆ, ನಾನೂ ಅತ್ತಿದ್ದೇನೆ. ಆದರೆ ಅದು ಪ್ರಾಣ ಕೊಟ್ಟಾದರೂ ಮಾತು ಉಳಿಸಿಕೊಳ್ಳುವ ಕಥೆ, ಕೊನೆಗೆ ಹುಲಿಯೇ ಹಾರಿ ಸಾಯುತ್ತದೆ. ಆ ಅಳತೆಯನ್ನು ಪೆನ್ಸಿಲಿಗೆ ತರಬೇಡಿ. ಪೆನ್ಸಿಲ್ ಕಥೆಯಲ್ಲಿ ಯಾರೂ ದೊಡ್ಡವರಾಗಬಾರದು.

ಈಗ ಅಮ್ಮನ ಮಾತು. ನಾನು ಹರಿದ ಒಂದು ಪ್ರತಿಯಲ್ಲಿ ಅಮ್ಮ ಹೀಗೆ ಅಂದಿದ್ದಳು: "ಶಭಾಷ್ ಮಗಳೇ! ನೀನು ಸತ್ಯ ಹೇಳಿದೆ, ನಿನಗೆ ಒಂದಲ್ಲ, ಒಂದು ಡಬ್ಬ ಪೆನ್ಸಿಲ್ ಕೊಡಿಸ್ತೀನಿ." ಇದನ್ನು ಕೇಳಿ ಒಬ್ಬ ಹುಡುಗ ತಕ್ಷಣ, "ಮಿಸ್, ನಾನೂ ನಾಳೆ ಪೆನ್ಸಿಲ್ ಕಳೀತೀನಿ" ಅಂದ. ಅವನದ್ದೇನೂ ತಪ್ಪಿಲ್ಲ, ನಾನು ಬರೆದದ್ದೇ ಹಾಗಿತ್ತು. ಇನ್ನೊಂದು ಪ್ರತಿಯಲ್ಲಿ ಅಮ್ಮ ಎದುರಿಗೆ ಕೂರಿಸಿಕೊಂಡು ಹತ್ತು ಸಾಲು ಬುದ್ಧಿ ಹೇಳಿದಳು. ಮೂರನೇ ಸಾಲಿಗೆ ಮಕ್ಕಳು ಪಕ್ಕದವರ ರಬ್ಬರ್ ಎಳೆಯತೊಡಗಿದರು.

ಸರಿಯಾದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಕೈ ನಿಲ್ಲುತ್ತದೆ, ಬಾಚಣಿಗೆ ನಿಲ್ಲುತ್ತದೆ. ಆ ಮೌನ ಇಲ್ಲದಿದ್ದರೆ ಮಗು ಏನನ್ನು ಗೆದ್ದಿತು ಅಂತ ತಿಳಿಯುವುದಿಲ್ಲ. ಆಮೇಲೆ ಅಮ್ಮನೂ ಒಂದು ನಿಜ ಹೇಳುತ್ತಾಳೆ. "ನೀನು ಬೈತೀಯ ಅಂತ" ಹೇಳಲಿಲ್ಲ ಅಂದಾಗ, "ಇಲ್ಲಪ್ಪ, ನಾನು ಬೈತೀನಾ?" ಅನ್ನಬಾರದು. ಅದು ಸುಳ್ಳು, ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ. "ಹೂಂ, ಬೈತಿದ್ದೆ" ಅನ್ನಬೇಕು. ಈ ಸಾಲಿಗೆ ಮಕ್ಕಳು ನಗುತ್ತಾರೆ, ತಮ್ಮ ಅಮ್ಮನ ಗುರುತು ಸಿಕ್ಕಿದ ನಗು ಅದು. ಕಡೆಗೆ ಕೈ ಮತ್ತೆ ಜಡೆ ಹೆಣೆಯಲು ಶುರು ಮಾಡುತ್ತದೆ. ಎಲ್ಲ ಸರಿಹೋಯಿತು ಅನ್ನುವುದಕ್ಕೆ ಅಷ್ಟೇ ಸಾಕು.

ಕಳೆದ ಪೆನ್ಸಿಲ್ ಸಿಗಬೇಕಾ?

ನನ್ನ ನಾಲ್ಕನೇ ಪ್ರತಿಯಲ್ಲಿ ಸಿಕ್ಕಿತ್ತು. ತಾತನ ಕಿವಿಯ ಮೇಲೆ! ಬಡಗಿ ತಾತ ಅಳತೆ ಗುರುತು ಹಾಕಲು ತಗೊಂಡು, ಕಿವಿಗೆ ಸಿಕ್ಕಿಸಿ ಮರೆತಿದ್ದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಬಹಳ ಚೆನ್ನಾಗಿದೆ ಅಂತ ಹಿಗ್ಗಿದೆ. ಮಾರನೇ ದಿನ, "ನಿನ್ನೆ ಕಥೆ ಯಾರು ಹೇಳ್ತೀರಾ?" ಅಂದರೆ ಎಲ್ಲರೂ ಹೇಳಿದ್ದು ತಾತನ ಕಿವಿಯ ವಿಷಯ ಮಾತ್ರ. ಸುಳ್ಳೂ ಇಲ್ಲ, ನಿಜವೂ ಇಲ್ಲ, ಬಸವನಂತೂ ಇಲ್ಲವೇ ಇಲ್ಲ. ಜೊತೆಗೆ ಹುಡುಗಿ ಪೆನ್ಸಿಲ್ ಕಳೆದೇ ಇರಲಿಲ್ಲ ಅಂತಾಯಿತು, ಅವಳು ಒಪ್ಪಿಕೊಂಡದ್ದಕ್ಕೆ ಅರ್ಥವೇ ಉಳಿಯಲಿಲ್ಲ.

ಹಾಗಾಗಿ ಸಿಗುವುದು ಬೇಡ. ನಿಜ ಹೇಳುವ ಮೊದಲು ಸಿಕ್ಕರೆ ಧೈರ್ಯದ ಅಗತ್ಯವೇ ಇಲ್ಲ. ಹೇಳಿದ ಮೇಲೆ ಸಿಕ್ಕರೆ ನಿಜ ಅನ್ನುವುದು ಪೆನ್ಸಿಲ್ ಕೊಡುವ ಮಂತ್ರ ಆಗುತ್ತದೆ. ಆದರೆ ಮಗು ನಾಳೆ ಬರೆಯಲು ಏನು ಮಾಡುತ್ತದೆ ಅನ್ನುವ ಪ್ರಶ್ನೆ ಇದ್ದೇ ಇದೆ, ಕೇಳುವ ಮಕ್ಕಳು ಅದನ್ನು ಬಿಡುವುದೇ ಇಲ್ಲ. ನನಗೆ ಉತ್ತರ ಸಿಕ್ಕಿದ್ದು ಅಡುಗೆಮನೆ ಗೋಡೆಯಲ್ಲಿ. ಹಾಲಿನ ಲೆಕ್ಕ ಬರೆಯಲು ಕ್ಯಾಲೆಂಡರ್ ಪಕ್ಕ ದಾರ ಕಟ್ಟಿ ನೇತುಹಾಕಿದ ಬೆರಳುದ್ದದ ಪೆನ್ಸಿಲ್. ಅದು ಬಹುಮಾನ ಅಲ್ಲ, ಶಿಕ್ಷೆಯೂ ಅಲ್ಲ. ದಾರ ಇರುವುದರಿಂದ ಸ್ವಲ್ಪ ತಮಾಷೆಯೂ ಆಯಿತು.

ಪೂರ್ತಿ ಕಥೆ

ಸುಮಳ ಹತ್ತಿರ ಒಂದು ಪೆನ್ಸಿಲ್ ಇತ್ತು. ಕೆಂಪು ಕಪ್ಪು ಪಟ್ಟೆ ಪೆನ್ಸಿಲ್. ಸೋಮವಾರ ಅಮ್ಮ ಕೊಡಿಸಿದ್ದಳು. ಮಂಗಳವಾರ ಅದು ಕಳೆದುಹೋಯಿತು.

ಸುಮ ಚೀಲದಲ್ಲಿ ಹುಡುಕಿದಳು. ಇಲ್ಲ. ಬೆಂಚಿನ ಕೆಳಗೆ ಹುಡುಕಿದಳು. ಬಸವನೂ ಬಗ್ಗಿ ಹುಡುಕಿದ. ಇಲ್ಲ. ಊಟದ ಡಬ್ಬಿಯಲ್ಲೂ ಹುಡುಕಿದಳು. ಅಲ್ಲಿ ಒಂದು ಅಗುಳು ಅನ್ನ ಇತ್ತು. ಪೆನ್ಸಿಲ್ ಇರಲಿಲ್ಲ.

ಸಂಜೆ ಅಮ್ಮ ಚೀಲ ತೆಗೆದಳು.

"ಸುಮಾ, ಪೆನ್ಸಿಲ್ ಎಲ್ಲಿ?"

ಸುಮ ಸುಮ್ಮನೆ ನಿಂತಳು.

"ಮತ್ತೆ ಕಳೆದ್ಯಾ?"

"ಇಲ್ಲ... ಬಸವ ತಗೊಂಡ."

"ಹೌದಾ? ಸರಿ. ನಾಳೆ ನಾನೇ ಬಂದು ಅವನನ್ನ ಕೇಳ್ತೀನಿ."

ಸುಮಳ ಹೊಟ್ಟೆ ಗುಡುಗುಡು ಅಂದಿತು.

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ತಟ್ ತಟ್ ತಟ್. ಸುಮ ಹತ್ತಿರ ಬಂದಳು.

"ಅಮ್ಮಾ..."

"ಏನೇ?"

ಮಾತು ಗಂಟಲವರೆಗೆ ಬಂತು. ಅಲ್ಲೇ ಕೂತಿತು.

"ಏನಿಲ್ಲ."

ರಾತ್ರಿ ಆಯಿತು. ದೀಪ ಆರಿತು. ಸುಮ ಆ ಕಡೆ ಹೊರಳಿದಳು. ಈ ಕಡೆ ಹೊರಳಿದಳು.

"ಅಮ್ಮಾ..."

"ಏನೇ, ನಿದ್ದೆ ಬರಲಿಲ್ವಾ?"

ಮಾತು ಗಂಟಲವರೆಗೆ ಬಂತು. ಅಲ್ಲೇ ಕೂತಿತು.

"ನೀರು ಬೇಕು."

ಸುಮ ನೀರು ಕುಡಿದಳು. ನೀರು ಕೆಳಗೆ ಹೋಯಿತು. ಮಾತು ಹೋಗಲಿಲ್ಲ.

ಬೆಳಗಾಯಿತು. ಅಮ್ಮ ಜಡೆ ಹಾಕುತ್ತಿದ್ದಳು. ಬಾಚಣಿಗೆ ಸರ್ ಅಂತ ಮೇಲಿಂದ ಕೆಳಗೆ ಬಂತು.

"ಇವತ್ತು ಆ ಬಸವನನ್ನ ಕೇಳಬೇಕು" ಅಂದಳು ಅಮ್ಮ.

ಸುಮಳಿಗೆ ಬೆಂಚು ನೆನಪಾಯಿತು. ಬೆಂಚಿನ ಕೆಳಗೆ ಬಗ್ಗಿದ ಬಸವ ನೆನಪಾದ. ಅವನ ಮೊಣಕಾಲಿಗೆ ಧೂಳು ಹತ್ತಿತ್ತು.

ಮಾತು ಗಂಟಲವರೆಗೆ ಬಂತು.

ಅಲ್ಲಿ ಕೂರಲಿಲ್ಲ.

"ಅಮ್ಮಾ, ಬಸವ ತಗೊಂಡಿಲ್ಲ. ನಾನೇ ಕಳೆದೆ."

ಅಮ್ಮನ ಕೈ ನಿಂತಿತು. ಬಾಚಣಿಗೆಯೂ ನಿಂತಿತು.

"ನಿನ್ನೆ ಯಾಕೆ ಹೇಳಲಿಲ್ಲ?"

"ನೀನು ಬೈತೀಯ ಅಂತ."

"ಹೂಂ. ಬೈತಿದ್ದೆ."

ಅಮ್ಮನ ಕೈ ಮತ್ತೆ ಜಡೆ ಹೆಣೆಯಿತು. ಒಂದು ಎಳೆ, ಇನ್ನೊಂದು ಎಳೆ.

"ಈಗ ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ದರೆ ಬಸವನನ್ನ ಸುಮ್ನೆ ಬೈದುಬಿಡ್ತಿದ್ದೆ."

ಸುಮಳ ಗಂಟಲಲ್ಲಿ ಈಗ ಏನೂ ಇರಲಿಲ್ಲ. ಅವಳು ಎರಡು ರೊಟ್ಟಿ ತಿಂದಳು.

ಗೋಡೆಯ ಮೇಲೆ ಹಾಲಿನ ಲೆಕ್ಕದ ಪೆನ್ಸಿಲ್ ಇತ್ತು. ಬೆರಳಷ್ಟು ಉದ್ದ. ದಾರ ಕಟ್ಟಿತ್ತು. ಅಮ್ಮ ಅದನ್ನು ಮೊಳೆಯಿಂದ ತೆಗೆದು ಕೊಟ್ಟಳು.

"ಇದನ್ನ ತಗೊಂಡು ಹೋಗು. ಕಳೆದರೆ ಬಂದು ಹೇಳು."

ಶಾಲೆಯಲ್ಲಿ ಬಸವ ಪೆನ್ಸಿಲ್ ನೋಡಿದ.

"ಏಯ್, ಇದಕ್ಕೆ ಬಾಲ ಇದೆ!"

ಇಬ್ಬರೂ ನಕ್ಕರು. ಬಾಲದ ಪೆನ್ಸಿಲಿನಿಂದ ಸುಮ ತನ್ನ ಹೆಸರು ಬರೆದಳು.

ಪದ ಆರಿಸುವಾಗ

ಓದಿ ಹೇಳುವ ಕಥೆ ಮತ್ತು ಮಗು ತಾನೇ ಓದುವ ಕಥೆ ಒಂದೇ ಅಲ್ಲ. ಮೇಲಿನದು ಓದಿ ಹೇಳಲು. ನಿಲ್ಲಿಸಿ ನಿಲ್ಲಿಸಿ ಹೇಳಿದರೆ ಐದು ನಿಮಿಷದ ಒಳಗೆ ಮುಗಿಯುತ್ತದೆ, ಅದಕ್ಕಿಂತ ಉದ್ದ ಬೇಡ. ಮಗುವೇ ಓದಬೇಕು ಅಂದರೆ ಅರ್ಧಕ್ಕೆ ಇಳಿಸಬೇಕು, ಒತ್ತಕ್ಷರ ಕಡಿಮೆ ಮಾಡಬೇಕು. ಹುಡುಗನಿಗೆ ಬಸವ ಅಂತ ಹೆಸರಿಟ್ಟದ್ದೂ ಇದೇ ಲೆಕ್ಕದಲ್ಲಿ. ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ಅಕ್ಷರ ಕಲಿಸುವುದು ಅ, ಆ ಕ್ರಮದಲ್ಲಿ ಅಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಅಂದರೆ ಬ, ಸ, ವ ಮೂರೂ ಬೇಗ ಬರುವ ಅಕ್ಷರಗಳು, ಕಾಗುಣಿತವೂ ಬೇಡ. ಸುಮ ಅನ್ನಲು ಒಂದು ಕೊಂಬು ಸಾಕು. ತಮಾಷೆ ಅಂದರೆ, ಕಥೆಯ ನಾಯಕನಾದ "ಪೆನ್ಸಿಲ್" ಅನ್ನುವ ಪದದಲ್ಲೇ ಒತ್ತಕ್ಷರ ಇದೆ! ಅದಕ್ಕೆ ಹೆದರಿ ಸೀಸದಕಡ್ಡಿ ಅಂತ ಬರೆಯಬೇಡಿ. ಮಕ್ಕಳು ದಿನವೂ ಆಡುವ ಪದ ಅದು.

ನಿರೂಪಣೆ ಪುಸ್ತಕದ ಸರಳ ಕನ್ನಡದಲ್ಲಿ ಇರಲಿ, ಮಾತು ಮಾತ್ರ ಮನೆಯಲ್ಲಿ ಆಡುವ ಹಾಗೆ. ಧಾರವಾಡದ ಕಡೆ ಹೇಳುವುದಾದರೆ ಅಮ್ಮ ಅವ್ವ ಆಗಲಿ, "ಏನೇ" ಹೋಗಿ "ಏನ್ ಬೇ" ಬರಲಿ. ಮೇಷ್ಟ್ರ ಭಾಷೆಯಲ್ಲಿ ಅಮ್ಮ ಮಾತಾಡಿದರೆ ಮಗು ಅವಳನ್ನು ಅಮ್ಮ ಅಂತ ನಂಬುವುದಿಲ್ಲ. "ಸುಳ್ಳುಗಾರ", "ಕಳ್ಳ" ಈ ಎರಡು ಪದ ಕಥೆಯಲ್ಲಿ ಎಲ್ಲೂ ಬರದಂತೆ ನೋಡಿಕೊಳ್ಳಿ. ಬಂದರೆ ಮಾರನೇ ದಿನ ತರಗತಿಯಲ್ಲಿ ಯಾರೋ ಒಬ್ಬರಿಗೆ ಅದು ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ.

ಹೇಳಿ ನೋಡುವುದು, ಕೇಳಿ ನೋಡುವುದು

ಹೇಳುವಾಗ ಒಂದು ಜಾಗದಲ್ಲಿ ಮಾತ್ರ ನಿಜವಾಗಿ ನಿಲ್ಲಿಸಬೇಕು: "ಅಮ್ಮನ ಕೈ ನಿಂತಿತು. ಬಾಚಣಿಗೆಯೂ ನಿಂತಿತು." ಇಲ್ಲಿ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ನಿಮಗೆ ಉದ್ದ ಅನ್ನಿಸುತ್ತದೆ, ಮಕ್ಕಳಿಗೆ ಅನ್ನಿಸುವುದಿಲ್ಲ. ಅವರು ಆಗ ಏನು ಮಾಡುತ್ತಾರೆ ಅಂತ ನೋಡಿ. ಕಥೆ ಹಿಡಿದಿದ್ದರೆ ಯಾರೂ ಅಲುಗಾಡುವುದಿಲ್ಲ, ಒಬ್ಬಿಬ್ಬರು ಬಾಯಿಗೆ ಕೈ ಇಟ್ಟುಕೊಳ್ಳುತ್ತಾರೆ. ಆಕಳಿಕೆ ಬಂದರೆ ಹಿಂದಿನ ಎರಡು ಪ್ರಯತ್ನಗಳು ಸರಿಯಾಗಿ ಕೂತಿಲ್ಲ ಅಂತ ಅರ್ಥ, ಅಲ್ಲಿಗೆ ಹೋಗಿ ರಿಪೇರಿ ಮಾಡಿ.

ಮುಗಿದ ಮೇಲೆ "ಈ ಕಥೆಯ ನೀತಿ ಏನು?" ಅಂತ ಕೇಳಬೇಡಿ. "ಸುಳ್ಳು ಹೇಳಬಾರದು ಮಿಸ್" ಅನ್ನುವ ಉತ್ತರ ಕಥೆ ಕೇಳದವರೂ ಕೊಡುತ್ತಾರೆ, ಅದೂ ರಾಗವಾಗಿ. "ರಾತ್ರಿ ಸುಮ ನೀರು ಯಾಕೆ ಕೇಳಿದಳು?" ಅಂತ ಕೇಳಿ. ಬಾಯಾರಿಕೆಯಾಗಿ ಅಂದರೆ ಕಥೆ ಇನ್ನೂ ಒಳಗೆ ಇಳಿದಿಲ್ಲ. "ಹೇಳಕ್ಕೆ ಭಯ ಆಯ್ತು, ಅದಕ್ಕೇ ನೀರು ಅಂದ್ಲು" ಅಂದರೆ ಇಳಿದಿದೆ. ಒಬ್ಬ ಹುಡುಗಿ ನನಗೆ "ನೀರು ಕುಡಿದ್ರೆ ಮಾತು ಕೆಳಗೆ ಹೋಗುತ್ತೆ ಅಂತ" ಅಂದಳು. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಮಾರನೇ ದಿನ ಕಥೆಯನ್ನು ಮಕ್ಕಳಿಂದಲೇ ಹೇಳಿಸಿ. ಜಡೆಯೂ ಬಸವನೂ ಅವರ ಹೇಳಿಕೆಯಲ್ಲಿ ಉಳಿದಿದ್ದರೆ ಕಥೆ ನಿಂತಿದೆ.

ಇನ್ನೊಂದು ಎಚ್ಚರಿಕೆ. ತರಗತಿಯಲ್ಲಿ ಏನೋ ಕಳೆದ ದಿನ, ಕಳ್ಳನನ್ನು ಹಿಡಿಯಲು ಈ ಕಥೆ ಹೇಳಬೇಡಿ. ಕಥೆ ಮುಗಿಸಿ "ಈಗ ಹೇಳಿ, ಸೀಮೆಸುಣ್ಣ ಯಾರು ತಗೊಂಡಿದ್ದು?" ಅಂದರೆ ಮಕ್ಕಳಿಗೆ ಕಥೆ ಬಲೆ ಅಂತ ಗೊತ್ತಾಗುತ್ತದೆ. ಎಲ್ಲರ ಎದುರು ಒಪ್ಪಿಕೊಳ್ಳುವ ಧೈರ್ಯವನ್ನು ಸುಮಳೂ ಮಾಡಿಲ್ಲ, ಅವಳು ಹೇಳಿದ್ದು ಒಬ್ಬಳಿಗೆ, ಮುಖ ನೋಡದೆ. ಬಸವನ ಹತ್ತಿರ ಅವಳು ಕ್ಷಮೆ ಕೇಳುವುದಿಲ್ಲವಾ ಅಂತ ಕೆಲವು ಟೀಚರ್‌ಗಳು ಕೇಳಿದ್ದಾರೆ. ಅವನಿಗೆ ವಿಷಯವೇ ಗೊತ್ತಿಲ್ಲ. ಗೊತ್ತಿಲ್ಲದವನ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸುವುದು ದೊಡ್ಡವರ ಸಮಾಧಾನಕ್ಕೆ ಅಂತ ನನ್ನ ಅಭಿಪ್ರಾಯ.

ಕಥೆ ಹೇಳಿದ ವಾರ ನಿಮ್ಮ ಮೇಜಿನ ಹತ್ತಿರ ಯಾರೋ ಒಬ್ಬರು ಬಂದು, ನೆಲ ನೋಡುತ್ತಾ, "ಮಿಸ್, ನಾನೇ ಕಳೆದೆ" ಅನ್ನಬಹುದು. ಆಗ ನಿಮ್ಮ ಬಾಯಿಂದ "ಮತ್ತೆ ಕಳೆದ್ಯಾ?" ಬರುವ ಸಾಧ್ಯತೆ ಬಹಳ ಇದೆ, ನನಗೂ ಬಂದಿದೆ. ಅದಕ್ಕೇ ನಾನು ಕಥೆ ಹೇಳುವ ಹಿಂದಿನ ದಿನವೇ ಒಂದು ಖಾಲಿ ಡಬ್ಬ ಹುಡುಕಿ, ಕಸದ ಬುಟ್ಟಿ ಪಕ್ಕ, ಬೆಂಚಿನ ಸಂದಿಯಲ್ಲಿ ಬಿದ್ದ ತುಂಡು ಪೆನ್ಸಿಲ್‌ಗಳನ್ನೆಲ್ಲ ಅದಕ್ಕೆ ಹಾಕುತ್ತೇನೆ. ಮೆಂಡರ್ ಹಿಡಿದು ಒಂದೊಂದನ್ನೂ ಚೂಪು ಮಾಡುತ್ತೇನೆ. ಎರಡು ಮೂರಕ್ಕೆ ದಾರ ಕಟ್ಟಿಡುತ್ತೇನೆ. ಮೊದಲು ಖಾಲಿಯಾಗುವುದು ಬಾಲ ಇರುವವೇ.